ದೀಪ ಮಿಟುಕಿದರೆ ಪಾಸು

ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟಿನಲ್ಲಿ ಅದ್ದಿ ಸರ್ಕ್ಯೂಟ್ ಬೋರ್ಡಿನ ಬೆನ್ನನ್ನು ಉಜ್ಜುತ್ತಿದ್ದೆ. ಬೆಸುಗೆ ಹಾಕಿದ ಮೇಲೆ ಕಂದು ಬಣ್ಣದ ಅಂಟು ಉಳಿಯುತ್ತದೆ. ತೊಳೆಯದೆ ಬಿಟ್ಟರೆ ಅದು ತೇವ ಹಿಡಿದು ನಿಧಾನಕ್ಕೆ ತಾಮ್ರವನ್ನು ತಿನ್ನುತ್ತದೆ. ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಬ್ರಷ್ಷು ಆಡಿಸಿದೆ. ಬಟ್ಟೆಯಲ್ಲಿ ಒತ್ತಿ ಒರೆಸಿದೆ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ, ಮತ್ತೆ ಉಜ್ಜಿದೆ. ಎದುರು ಮೇಜಿನಲ್ಲಿ ಪ್ಯಾಕಿಂಗ್ ಅಕ್ಕ ರಟ್ಟಿನ ಪೆಟ್ಟಿಗೆಗಳನ್ನು ಮಡಿಸುತ್ತಿದ್ದಳು. ಗಾಜಿನ ಗೋಡೆಯ ಆಚೆ ಬೃಹಸ್ಪತಿ ಕಂಪ್ಯೂಟರಿನ ಮುಂದೆ ಕೂತು ತನ್ನ ಗಡ್ಡವನ್ನು ತಾನೇ ಪ್ರೀತಿಯಿಂದ ಸವರಿಕೊಳ್ಳುತ್ತಿದ್ದ.

ಬೃಹಸ್ಪತಿ ಅಂತ ಹೆಸರಿಟ್ಟವಳು ಪ್ಯಾಕಿಂಗ್ ಅಕ್ಕ. ಅವನು ನಮ್ಮ ವರ್ಕ್‌ಶಾಪಿನ ಇಂಜಿನಿಯರು, ಬೋರ್ಡಿನೊಳಗೆ ಓಡುವ ಪ್ರೋಗ್ರಾಂ ಬರೆಯುವವನು. ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲ, ಇದ್ದರೂ ಅದು ತಿಳಿಯಬೇಕಾದದ್ದಲ್ಲ ಎಂದು ನಂಬಿದವನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅವನ ಲೆಕ್ಕದಲ್ಲಿ ಬೆಸುಗೆ ಕಡ್ಡಿಯ ಹಿಡಿಕೆ. ಹಿಡಿಕೆ ಮಾತಾಡುವುದಿಲ್ಲ. ನಾನೂ ಮಾತಾಡುತ್ತಿರಲಿಲ್ಲ. ಅದಕ್ಕೇ ನನಗೆ ಅಲ್ಲಿ ಮೂಗಿ ಅಂತ ಹೆಸರು. ಮೂಗಿಯ ಎದುರು ಜನ ಏನು ಬೇಕಾದರೂ ಆಡಿಕೊಳ್ಳುತ್ತಾರೆ. ಅದೊಂದು ಲಾಭ.

ನಾನು ತೊಳೆಯುತ್ತಿದ್ದ ಬೋರ್ಡು ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಹೋಗಬೇಕಾದದ್ದು. ಗುಡ್ಡದ ನೆತ್ತಿಯಲ್ಲಿ ಒಂದು ಒರತೆ, ಅದರ ನೀರು ಬಂದು ತುಂಬುವ ದೊಡ್ಡ ಕಾಂಕ್ರೀಟ್ ಟ್ಯಾಂಕು. ಬೆಳಿಗ್ಗೆ ವಾಲ್ವು ತೆರೆದು ಊರಿಗೆ ನೀರು ಬಿಡುವುದು, ಮಟ್ಟ ಇಳಿದೊಡನೆ ಮುಚ್ಚುವುದು, ಕಾಲು ಗಂಟೆಗೊಮ್ಮೆ ಮಟ್ಟ ಎಷ್ಟಿದೆ ಎಂದು ಕೆಳಗೆ ಮೆಸೇಜು ಕಳಿಸುವುದು. ಬೋರ್ಡಿನ ಕೆಲಸ ಇಷ್ಟೇ. ಅಲ್ಲಿಗೆ ಕರೆಂಟಿನ ತಂತಿ ಇಲ್ಲ, ಸೋಲಾರ್ ಮತ್ತು ಬ್ಯಾಟರಿ. ಹಾಗಾಗಿ ಬೋರ್ಡು ಗರಬಡಿದಂತೆ ನಿಂತುಬಿಟ್ಟರೆ ಕೆಳಗಿನಿಂದ ಸ್ವಿಚ್ಚು ಆರಿಸಿ ಹಾಕುವಂತಿಲ್ಲ. ಪೈಪಿನ ಪಕ್ಕದ ಸಾವಿರದ ನೂರು ಕಬ್ಬಿಣದ ಮೆಟ್ಟಿಲು ಹತ್ತಿ, ಆಮೇಲೆ ಬರಿ ಬಂಡೆ ಹತ್ತಿ, ನಾಲ್ಕು ಗಂಟೆ ನಡೆದು, ಪೆಟ್ಟಿಗೆ ತೆರೆದು ಒಳಗಿನ ಕೆಂಪು ಗುಂಡಿಯನ್ನು ಒತ್ತಬೇಕು. ಒತ್ತುವುದಕ್ಕೆ ಒಂದು ಸೆಕೆಂಡು ಸಾಕು.

ಹೋದ ವರ್ಷ ಹಳೆಯ ಬೋರ್ಡು ನಾಲ್ಕು ಸಲ ನಿಂತಿತು. ನಾಲ್ಕೂ ಸಲ ಹೋದವನು ನನ್ನ ಅಣ್ಣ, ನಮ್ಮಲ್ಲೇ ಫೀಲ್ಡಿನ ಕೆಲಸದವನು. ನಾಲ್ಕನೆಯ ಸಲ ಇಳಿಯುವಾಗ ಬಂಡೆಯ ಮೇಲೆ ಜಾರಿ ಹಿಮ್ಮಡಿಯ ಮೂಳೆ ಚೂರಾಯಿತು. ಈಗ ಒಳಗೆ ಒಂದು ಲೋಹದ ಪಟ್ಟಿ, ಆರು ಸ್ಕ್ರೂ. "ಸಮನೆಲದಲ್ಲಿ ಓಡಾಡು. ಹತ್ತೋದು ಇಳಿಯೋದು ಮರೆತುಬಿಡು. ಇನ್ನೊಂದ್ಸಲ ಒಡೆದ್ರೆ ಜೋಡಿಸೋಕೆ ಅಲ್ಲಿ ಮೂಳೆನೇ ಇಲ್ಲ" ಅಂದಿದ್ದರು ಡಾಕ್ಟರು.

ವರ್ಕ್‌ಶಾಪಿನ ಯಜಮಾನರು ಆಸ್ಪತ್ರೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಕಾಲನ್ನು ನೋಡದೆ ಕಿಟಕಿಯನ್ನು ನೋಡುತ್ತಾ ಮಾತಾಡಿದರು.

"ಹೊಸ ಬೋರ್ಡಲ್ಲಿ ವಾಚ್‌ಡಾಗ್ ಇದೆ ಕಣಯ್ಯ. ನಿಂತ್ರೆ ಅದೇ ಎಬ್ಬಿಸುತ್ತೆ. ಇನ್ಮೇಲೆ ಗುಡ್ಡ ಹತ್ತೋ ಪ್ರಮೇಯವೇ ಇಲ್ಲ. ಒಂದು ವರ್ಷ ಅದು ತಾನಾಗೇ ನಡೀಲಿ, ನಿನ್ನನ್ನ ಸ್ಟೋರಿಗೆ ಹಾಕ್ತೀನಿ."

"ಅಷ್ಟರೊಳಗೆ ನಿಂತ್ರೆ ಸಾರ್?" ಅಂದ ಅಣ್ಣ.

"ನಿಲ್ಲಲ್ಲ ಅಂದ್ನಲ್ಲ."

ನಿಂತರೆ ಅಣ್ಣನೇ ಹತ್ತಬೇಕು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ. ಹೀಗೆ ನನ್ನ ಅಣ್ಣನ ಕಾಲು ವಾಚ್‌ಡಾಗ್ ಎಂಬ ಎಂಟು ಕಾಲಿನ ಒಂದು ಸಣ್ಣ ಚಿಪ್ಪಿನ ಮೇಲೆ ಬಂದು ನಿಂತಿತು.

ಆ ಚಿಪ್ಪನ್ನು ಬೋರ್ಡಿಗೆ ಬೆಸೆಯುವವಳು ನಾನೇ. ಅದು ಮಾಡುವುದು ಬಹಳ ಸರಳ ಕೆಲಸ. ಪ್ರೋಗ್ರಾಂ ತನ್ನ ಕೆಲಸಗಳನ್ನು ಒಂದು ಸುತ್ತು ಮುಗಿಸಿದಾಗಲೆಲ್ಲ ಈ ಚಿಪ್ಪಿನ ಒಂದು ಕಾಲಿಗೆ ಸಣ್ಣದಾಗಿ ತಟ್ಟಬೇಕು. ನಾವು ಅದಕ್ಕೆ ಅನ್ನ ಹಾಕುವುದು ಅನ್ನುತ್ತೇವೆ. ಒಂದೂವರೆ ಸೆಕೆಂಡು ಅನ್ನ ಬೀಳದಿದ್ದರೆ ಪ್ರೋಗ್ರಾಂ ಎಲ್ಲೋ ಸಿಕ್ಕಿಬಿದ್ದಿದೆ ಎಂದು ಅದು ತಿಳಿದು ರಿಸೆಟ್ ತಂತಿಯನ್ನು ಎಳೆಯುತ್ತದೆ. ಬೋರ್ಡು ಮೊದಲಿನಿಂದ ಶುರುವಾಗುತ್ತದೆ. ಅಣ್ಣ ನಾಲ್ಕು ಗಂಟೆ ಹತ್ತಿ ಮಾಡುತ್ತಿದ್ದ ಕೆಲಸವನ್ನು ಅದು ಕೂತಲ್ಲೇ ಮಾಡುತ್ತದೆ. ಅದು ಯಾರ ಮಾತನ್ನೂ ನಂಬುವುದಿಲ್ಲ. ಅದರ ಬೆಲೆ ಇರುವುದೇ ಆ ಅಪನಂಬಿಕೆಯಲ್ಲಿ.

ಬೃಹಸ್ಪತಿ ಮೊದಲು ಬರೆದ ಪ್ರೋಗ್ರಾಂ ಸರಿಯಾಗಿಯೇ ಇತ್ತು. ಸುತ್ತಿನ ಕೊನೆಯಲ್ಲಿ ಅನ್ನ ಹಾಕುತ್ತಿತ್ತು. ಆದರೆ ಮೊಬೈಲಿನ ನೆಟ್‌ವರ್ಕು ಹುಡುಕುವಾಗ ಮೆಸೇಜು ಕಳಿಸುವ ಮೋಡೆಮ್ಮು ಹತ್ತಿಪ್ಪತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು, ಪ್ರೋಗ್ರಾಂ ಅಲ್ಲಿಯವರೆಗೂ ಅದರ ಬಾಯಿ ನೋಡುತ್ತಾ ನಿಲ್ಲುತ್ತಿತ್ತು, ವಾಚ್‌ಡಾಗು ಎಳೆದು ರಿಸೆಟ್ ಮಾಡುತ್ತಿತ್ತು. ಮತ್ತೆ ಹುಡುಕು, ಮತ್ತೆ ರಿಸೆಟ್. ಬೋರ್ಡು ಇಡೀ ದಿನ ಕೂತು ಏಳುತ್ತಿತ್ತು. ತಪ್ಪು ಮೋಡೆಮ್ಮಿಗಾಗಿ ಕಾಯುವ ರೀತಿಯಲ್ಲಿತ್ತು. ಕಾಯುವುದನ್ನು ತುಂಡು ತುಂಡು ಮಾಡಿ, ನಡುನಡುವೆ ಬೇರೆ ಕೆಲಸ ನೋಡಿ ಸುತ್ತು ಮುಗಿಸುವಂತೆ ಬರೆಯಬೇಕಿತ್ತು. ಅದಕ್ಕೆ ಮೂರು ನಾಲ್ಕು ದಿನದ ಕೆಲಸ ಇತ್ತು. ಬೃಹಸ್ಪತಿ ಹನ್ನೊಂದು ನಿಮಿಷದಲ್ಲಿ ಮುಗಿಸಿದ.

ನಾನು ಬೋರ್ಡು ಒರೆಸುತ್ತಿದ್ದಾಗಲೇ ಅವನು ಯಜಮಾನರನ್ನು ಕರೆದು ತೋರಿಸಿದ.

"ಸಾರ್, ಇನ್ಮೇಲೆ ರಿಸೆಟ್ ಆಗಲ್ಲ. ಅನ್ನ ಹಾಕೋದನ್ನ ಟೈಮರಿಗೆ ವಹಿಸಿಬಿಟ್ಟೆ. ದೀಪ ಮಿಟುಕಿಸೋದು ಇದೇ ಟೈಮರು. ಅರ್ಧ ಸೆಕೆಂಡಿಗೊಮ್ಮೆ ದೀಪ, ಜೊತೆಗೆ ಅನ್ನ. ಒಂದೇ ಕಲ್ಲಿಗೆ ಎರಡು ಹಕ್ಕಿ."

"ಭೇಷ್," ಅಂದರು ಯಜಮಾನರು. ಅವರಿಗೆ ಅರ್ಥವಾದದ್ದು ಹಕ್ಕಿಗಳ ಲೆಕ್ಕ ಮಾತ್ರ.

ನಮ್ಮ ವರ್ಕ್‌ಶಾಪಿನಲ್ಲಿ ಮೊದಲಿನಿಂದ ಬಂದ ಪದ್ಧತಿ ಒಂದಿದೆ. ತಯಾರಾದ ಬೋರ್ಡನ್ನು ಮೂರು ದಿನ ಕಪಾಟಿನ ಮೇಲೆ ಓಡಲು ಬಿಡುತ್ತೇವೆ. ಮೂರನೆಯ ದಿನ ಸಂಜೆ ಹಸಿರು ದೀಪ ಮಿಟುಕುತ್ತಿದ್ದರೆ ಪಾಸು. ಹಳೆಯ ಬೋರ್ಡುಗಳಲ್ಲಿ ದೀಪವನ್ನು ಮಿಟುಕಿಸುತ್ತಿದ್ದುದು ಮುಖ್ಯ ಸುತ್ತು, ಆದ್ದರಿಂದ ಆ ಪದ್ಧತಿಗೆ ಅರ್ಥ ಇತ್ತು. ಈಗ ದೀಪ ಟೈಮರಿನ ಕೈಯಲ್ಲಿತ್ತು. ಟೈಮರಿನ ಗುಣ ಬೇರೆ. ಪ್ರೋಗ್ರಾಂ ಏನು ಮಾಡುತ್ತಿದ್ದರೂ, ಏನನ್ನೂ ಮಾಡದೆ ಸಿಕ್ಕಿಬಿದ್ದಿದ್ದರೂ, ಹೊತ್ತಿಗೆ ಸರಿಯಾಗಿ ಅದನ್ನು ಒಂದು ಕ್ಷಣ ತಡೆದು ತನ್ನ ಸಣ್ಣ ಕೆಲಸ ಮಾಡಿಸಿಕೊಳ್ಳುತ್ತದೆ. ಮನೆ ಯಜಮಾನ ಬಚ್ಚಲಲ್ಲಿ ಬಿದ್ದಿದ್ದಾನೆ, ಜೀತದಾಳು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಎಲ್ಲ ಕ್ಷೇಮ ಅನ್ನುತ್ತಿದ್ದಾನೆ.

ನನಗೆ ಇದೆಲ್ಲ ಪುಸ್ತಕದಿಂದ ಬಂದದ್ದಲ್ಲ. ಮೇಜಿನ ಮೇಲೆ ಸ್ಕೋಪು ಇತ್ತು, ತಂತಿಯಲ್ಲಿ ಓಡುವುದನ್ನು ಗೆರೆಯಾಗಿ ತೋರಿಸುವ ಯಂತ್ರ. ಹಳೆಯ ಪ್ರೋಗ್ರಾಂ ಇದ್ದಾಗ ಆ ಎಂಟು ಕಾಲಿನ ಚಿಪ್ಪಿಗೆ ಬೀಳುವ ತಟ್ಟುಗಳನ್ನು ನಾನು ದಿನಾ ನೋಡುತ್ತಿದ್ದೆ. ಅವು ಒಮ್ಮೆ ಹತ್ತಿರ, ಒಮ್ಮೆ ದೂರ. ಮಟ್ಟ ಓದಿದಾಗ ಒಂದಿಷ್ಟು ತಡ, ಮೆಸೇಜು ಕಳಿಸಿದಾಗ ಇನ್ನಷ್ಟು ತಡ. ಕೆಲಸ ಮಾಡುವವರ ಉಸಿರು ಸಮವಾಗಿರುವುದಿಲ್ಲ. ಹೊಸ ಪ್ರೋಗ್ರಾಂ ಹಾಕಿದ ಮೇಲೆ ನೋಡಿದರೆ ತಟ್ಟುಗಳು ಹಲ್ಲಿನ ಸಾಲಿನ ಹಾಗೆ ಸಮ.

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಬೋರ್ಡಿಗೆ ಮಟ್ಟದ ಸೆನ್ಸರು ಜೋಡಿಸಿದೆ. ಸೆನ್ಸರು ನೀರಿನ ಬಕೆಟ್ಟಿನಲ್ಲಿತ್ತು. ಬೋರ್ಡು ಅದನ್ನು ಕೇಳುವಾಗ ಒಂದು ಹಳದಿ ದೀಪ ಹೊತ್ತುತ್ತದೆ, ಉತ್ತರ ಬಂದ ಕೂಡಲೇ ಆರುತ್ತದೆ. ಹಳದಿ ಹೊತ್ತಿದಾಗ ಸೆನ್ಸರಿನ ತಂತಿಯನ್ನು ಕಿತ್ತೆ. ಹಳದಿ ಹಾಗೇ ಉಳಿಯಿತು. ಮಟ್ಟ ತೋರಿಸುವ ತೆರೆಯ ಮೇಲಿನ ಅಂಕಿ ಅಲ್ಲಾಡಲಿಲ್ಲ. ಉತ್ತರ ಬರುವವರೆಗೆ ಕಾಯುತ್ತೇನೆ ಎಂದು ಬರೆದಿದ್ದ ಬೃಹಸ್ಪತಿ, ಎಷ್ಟು ಹೊತ್ತು ಎಂದು ಬರೆದಿರಲಿಲ್ಲ. ತಂತಿಯನ್ನು ಮತ್ತೆ ಚುಚ್ಚಿದೆ. ಪ್ರಯೋಜನವಿಲ್ಲ. ಕೇಳದೆ ಸೆನ್ಸರು ಮಾತಾಡುವುದಿಲ್ಲ, ಬೋರ್ಡು ಇನ್ನೊಮ್ಮೆ ಕೇಳುವುದಿಲ್ಲ. ಒಂದೂವರೆ ಸೆಕೆಂಡು ಕಾದೆ. ಅರ್ಧ ಗಂಟೆ ಕಾದೆ. ಸ್ಕೋಪಿನಲ್ಲಿ ಅನ್ನ ಬೀಳುತ್ತಲೇ ಇತ್ತು. ಹಸಿರು ದೀಪ ಮಿಟುಕುತ್ತಲೇ ಇತ್ತು. ವಾಚ್‌ಡಾಗು ಹೊಟ್ಟೆ ತುಂಬಿ ಮಲಗಿತ್ತು.

ರಾತ್ರಿಯವರೆಗೆ ಕಾಯದೆ, ಮನೆಗೆ ಹೋದ ಕೂಡಲೇ ಅಣ್ಣನಿಗೆ ಹೇಳಿದೆ. ಅವನು ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಿದ್ದ.

"ಅವನಿಗೆ ಹೇಳಿದ್ಯಾ?"

"ಇಲ್ಲ."

"ನನಗೆ ಹೇಳಿ ಏನು ಬಂತು ಕೂಸೇ? ನಾನೇನು ಪ್ರೋಗ್ರಾಂ ಬರೀತೀನಾ? ನಾನು ಬರೀ ಹತ್ತೋನು."

"ನೀನೇ ಹೇಳು ಅಣ್ಣ."

"ಕುಂಟ ಬಂದು ನಿಮ್ಮ ಬೋರ್ಡು ಸರಿಯಿಲ್ಲ ಅಂದ್ರೆ, ಹತ್ತೋಕೆ ಸೋಮಾರಿ ಅಂತಾರೆ." ಕಾಲನ್ನು ನೀರಿನಿಂದ ಎತ್ತಿ ನೋಡಿಕೊಂಡ. "ನೋಡಿದವಳು ನೀನು. ನೀನೇ ಬಾಯಿ ಬಿಡಬೇಕು."

ಮರುದಿನ ಬಾಯಿ ಬಿಟ್ಟೆ. ಮಾತನ್ನು ರಾತ್ರಿಯೆಲ್ಲ ಕೂಡಿಸಿಟ್ಟುಕೊಂಡಿದ್ದೆ, ಗಾಜಿನ ಬಾಗಿಲು ದಾಟುವಷ್ಟರಲ್ಲಿ ಅರ್ಧ ಉದುರಿಹೋಯಿತು.

"ಸಾರ್, ಸೆನ್ಸರ್ ತಂತಿ ಕಿತ್ರೆ ಬೋರ್ಡು ನಿಂತುಬಿಡುತ್ತೆ. ವಾಚ್‌ಡಾಗು ಎಬ್ಬಿಸಲ್ಲ."

ಬೃಹಸ್ಪತಿ ಕುರ್ಚಿ ತಿರುಗಿಸಿದ. "ದೀಪ ಮಿಟುಕುತ್ತಿತ್ತಾ?"

"ಮಿಟುಕುತ್ತಿತ್ತು."

"ಮತ್ತೆ ನಿಂತಿದೆ ಅಂತೀಯ?"

"ದೀಪ ಮಾತ್ರ..."

"ಮೂಗಿ ಮಾತಾಡಿದ್ದೇ ದೊಡ್ಡದು, ಅದೂ ತಪ್ಪು ಮಾತು." ಹೊರಗಿನವರಿಗೂ ಕೇಳುವಂತೆ ನಕ್ಕ. "ತಂತಿ ಯಾಕಮ್ಮ ಕೀಳ್ತೀಯ? ಟ್ಯಾಂಕಿನ ಹತ್ರ ನಿನ್ನ ಥರದವರು ಯಾರೂ ಇಲ್ಲ. ಇದಕ್ಕೆ ಥಿಯರಿ ಓದಿರಬೇಕು. ನೀನು ಎಷ್ಟನೇ ಕ್ಲಾಸು?"

"ಎಂಟು."

"ಎಂಟನೇ ಕ್ಲಾಸಿನವರು ಎಂಟು ಕಾಲನ್ನ ಬೆಸೆದ್ರೆ ಸಾಕು."

ನಾನು ವಾಪಸು ಬಂದು ಬೆಸೆದೆ. ಇಂಥ ಕಡೆ ಏನು ಉತ್ತರ ಕೊಡಬೇಕಿತ್ತು ಎಂಬುದು ನನಗೆ ಯಾವಾಗಲೂ ಮೂರು ದಿನ ತಡವಾಗಿ ಹೊಳೆಯುತ್ತದೆ. ಅವನು ಮೂರ್ಖ, ನಾನು ಹೇಡಿ. ಇಬ್ಬರಲ್ಲಿ ಯಾರನ್ನು ಹೆಚ್ಚು ತಿರಸ್ಕರಿಸಬೇಕು ಎಂದು ಆ ದಿನ ಗೊತ್ತಾಗಲಿಲ್ಲ.

"ಏನಂದ ಬೃಹಸ್ಪತಿ?" ಕೇಳಿದಳು ಪ್ಯಾಕಿಂಗ್ ಅಕ್ಕ.

"ಥಿಯರಿ ಓದಿರಬೇಕಂತೆ."

"ಓದಿ ಓದಿ ಮರುಳಾದ ಕೂಚಂಭಟ್ಟ. ಅವನು ಗುಡ್ಡನ ನೋಡಿರೋದು ಗೋಡೆ ಮೇಲಿನ ಫೋಟೋದಲ್ಲಿ."

ಬೋರ್ಡನ್ನು ಒಪ್ಪಿಸಿಕೊಳ್ಳಲು ನೀರಿನ ಇಲಾಖೆಯಿಂದ ಮೇಡಂ ಬಂದರು. ಕೈಯಲ್ಲಿ ಪರೀಕ್ಷೆಗಳ ಪಟ್ಟಿ, ಪೆನ್ನಿನ ಮುಚ್ಚಳ ಆಗಲೇ ತೆಗೆದಿತ್ತು. ಯಜಮಾನರು ಟೀ ತರಿಸಿದರು, ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆ ಮೂರು ಸಲ ತಳ್ಳಿದರು. ನಾನು ಬಕೆಟ್ಟಿನ ಪಕ್ಕ ನಿಂತಿದ್ದೆ. ಸೆನ್ಸರನ್ನು ಏರಿಸುವುದು ಇಳಿಸುವುದು ನನ್ನ ಕೆಲಸ.

ಹದಿಮೂರನೆಯ ಪರೀಕ್ಷೆ ಮುಗಿಯಿತು. ಮೇಡಂ ಓದಿದರು: "ಹದಿನಾಲ್ಕು, ವಾಚ್‌ಡಾಗ್."

ಬೃಹಸ್ಪತಿ ಬ್ಯಾಟರಿಯ ತಂತಿಯನ್ನು ತೆಗೆದ. ಬೋರ್ಡು ಆರಿತು. ಮತ್ತೆ ಕೂಡಿಸಿದ. ಬೋರ್ಡು ಹೊತ್ತಿತು, ಅಂಕಿ ಬಂತು, ಹಸಿರು ಮಿಟುಕಿತು.

"ನೋಡಿ ಮೇಡಂ, ತಾನೇ ಎದ್ದಿತು."

ಬ್ಯಾಟರಿ ಕಿತ್ತು ಹಾಕಿದರೆ ಯಾವ ಬೋರ್ಡು ಏಳುವುದಿಲ್ಲ? ಮಕ್ಕಳ ಆಟಿಕೆಯ ರೈಲೂ ಏಳುತ್ತದೆ. ಅವನು ವಾಚ್‌ಡಾಗಿನ ಪರೀಕ್ಷೆ ಎಂದು ತೋರಿಸಿದ್ದು ಬ್ಯಾಟರಿ ತೆಗೆದು ಹಾಕುವುದನ್ನು, ಅಂದರೆ ಗುಡ್ಡ ಹತ್ತಿದವನು ಮಾಡುವ ಕೆಲಸವನ್ನೇ. ಮೇಡಂ ಪೆನ್ನು ಕಾಗದಕ್ಕೆ ಮುಟ್ಟಿಸಿದರು.

ನಾನು ಕೈ ಚಾಚಿ ಸೆನ್ಸರಿನ ತಂತಿಯನ್ನು ಕಿತ್ತೆ.

ಹಳದಿ ದೀಪ ಆರದೆ ಉಳಿಯಿತು. ತೆರೆಯ ಮೇಲೆ 0.31 ಎಂಬ ಅಂಕಿ ಹೆಪ್ಪುಗಟ್ಟಿತು. ತಂತಿಯನ್ನು ಮತ್ತೆ ಚುಚ್ಚಿ, ಸೆನ್ಸರನ್ನು ಬಕೆಟ್ಟಿನಿಂದ ಪೂರ್ತಿ ಮೇಲೆತ್ತಿ ಹಿಡಿದೆ. ಅದರಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ತೆರೆಯ ಮೇಲೆ ಇನ್ನೂ 0.31.

"ಇದೇನು?" ಅಂದರು ಮೇಡಂ.

ನನ್ನ ಬಾಯಿ ಒಣಗಿತ್ತು. "ನಿಂತಿದೆ ಮೇಡಂ. ಎಬ್ಬಿಸಬೇಕಿತ್ತು, ಎಬ್ಬಿಸ್ತಿಲ್ಲ."

"ಸೆನ್ಸರ್ ಕಿತ್ರೆ ಓದೋದು ಹೇಗೆ ಮೇಡಂ?" ಬೃಹಸ್ಪತಿ ನಗುತ್ತಲೇ ಕೆಂಪು ಗುಂಡಿ ಒತ್ತಿದ. ಅಂಕಿ ಸೊನ್ನೆಗೆ ಬಂತು. "ನೋಡಿ, ಈಗ ಸರಿ ಇದೆ. ಅಷ್ಟೊತ್ತೂ ದೀಪ ಮಿಟುಕುತ್ತಲೇ ಇತ್ತಲ್ಲ, ನಿಂತಿರೋ ಬೋರ್ಡಲ್ಲಿ ದೀಪ ಮಿಟುಕುತ್ತಾ?"

"ಅದೂ ಹೌದು," ಅಂದರು ಮೇಡಂ. "ಯಾರು ಈ ಹುಡುಗಿ?"

"ಬೆಸುಗೆ ಹಾಕೋಳು ಮೇಡಂ," ಅಂದರು ಯಜಮಾನರು. ನನ್ನ ಕಡೆ ನೋಡಿದ ನೋಟದಲ್ಲಿ ಬಿಸ್ಕತ್ತಿನ ಮರ್ಯಾದೆ ಇರಲಿಲ್ಲ. "ಇವಳ ಅಣ್ಣನೇ ಗುಡ್ಡ ಹತ್ತೋನು. ಅದಕ್ಕೆ ಸ್ವಲ್ಪ ಗಾಬರಿ."

"ಪಾಪ," ಅಂದರು ಮೇಡಂ. ಹದಿನಾಲ್ಕರ ಮುಂದೆ ಟಿಕ್ ಹಾಕಿ ಬಿಸ್ಕತ್ತು ತೆಗೆದುಕೊಂಡರು. ಗುಂಡಿ ಒತ್ತಿದ ಬೆರಳು ಯಾರದು ಎಂದು ಅವರ ಪಟ್ಟಿಯಲ್ಲಿ ಕೇಳಿರಲಿಲ್ಲ.

ಮರುವಾರ ಇಲಾಖೆಯ ಪೈಪಿನ ಗ್ಯಾಂಗು ಬೇರೆ ರಿಪೇರಿಗೆಂದು ಗುಡ್ಡಕ್ಕೆ ಹೋದಾಗ ಬೋರ್ಡನ್ನೂ ಹೊತ್ತುಕೊಂಡು ಹೋಗಿ ಕೂಡಿಸಿ ಬಂತು. ಬೃಹಸ್ಪತಿ ಫೋನಿನಲ್ಲಿ ಕೆಂಪು ತಂತಿ ಎಲ್ಲಿಗೆ, ಕಪ್ಪು ಎಲ್ಲಿಗೆ ಎಂದು ಹೇಳಿದ. ಗ್ಯಾಂಗು ಆಮೇಲೆ ಬೇರೆ ಊರಿನ ಕೆಲಸಕ್ಕೆ ಹೊರಟುಹೋಯಿತು. ಮೂವತ್ತೊಂಬತ್ತು ದಿನ ಎಲ್ಲ ಸರಿಯಾಗಿತ್ತು. ನಾನು ಎಣಿಸುತ್ತಿದ್ದೆ. ಯಜಮಾನರೂ ಎಣಿಸುತ್ತಿದ್ದರು, ಮೂವತ್ತನೆಯ ದಿನ ಬೃಹಸ್ಪತಿಗೆ ಹೊಸ ಕುರ್ಚಿ ಕೊಡಿಸಿದರು.

ನಲವತ್ತನೆಯ ದಿನ ಬೆಳಿಗ್ಗೆ ಗುಡ್ಡದ ಕಡೆ ಗುಡುಗಿತು. ಆರೂಕಾಲಿಗೆ ಬರಬೇಕಾದ ಮೆಸೇಜು ಬರಲಿಲ್ಲ. ಆರೂವರೆಯದೂ ಇಲ್ಲ. ಮಿಂಚಿನ ಹೊಡೆತಕ್ಕೆ ಉದ್ದದ ತಂತಿಯಲ್ಲಿ ಸೆನ್ಸರಿನ ಉತ್ತರ ಅರ್ಧದಲ್ಲೇ ಕಳೆದುಹೋಗುತ್ತದೆ. ಮುಂದಿನ ಸಲ ಕೇಳಿದರೆ ಸರಿಯಾಗಿಯೇ ಹೇಳುತ್ತದೆ, ಆದರೆ ಕೇಳಬೇಕಲ್ಲ. ವಾಲ್ವು ತೆರೆದೇ ಇತ್ತು. ಮುಚ್ಚಬೇಕಾದದ್ದು ಉತ್ತರಕ್ಕಾಗಿ ಕಾಯುತ್ತಾ ನಿಂತಿತ್ತು. ಒರತೆ ಇಡೀ ದಿನ ತುಂಬಿಸುವುದನ್ನು ಆ ದಪ್ಪ ಪೈಪು ಮೂರು ಗಂಟೆಯಲ್ಲಿ ಖಾಲಿ ಮಾಡುತ್ತದೆ.

ಬೃಹಸ್ಪತಿ ಕೆಲಸಕ್ಕೆ ಬಂದವನೇ ಮೊಬೈಲ್ ತೆಗೆದು ಬೋರ್ಡಿಗೆ ರಿಸ್ಟಾರ್ಟ್ ಎಂದು ಮೆಸೇಜು ಕಳಿಸಿದ. ಉತ್ತರವಿಲ್ಲ. ಮತ್ತೆ ಕಳಿಸಿದ. ಎಂಟು ಸಲ ಕಳಿಸಿದ. ಮೆಸೇಜನ್ನು ಓದಬೇಕಾದದ್ದೂ ಅದೇ ಪ್ರೋಗ್ರಾಂ. ಹೆಣದ ಕಿವಿಯಲ್ಲಿ ಏಳು ಏಳು ಎಂದು ಕೂಗುವುದನ್ನು ನಾನು ಗಾಜಿನ ಈಚೆಯಿಂದ ನೋಡಿದೆ. ಒಂಬತ್ತನೆಯ ಸಲ ಅವನು ಅದನ್ನೇ ದಪ್ಪ ಅಕ್ಷರದಲ್ಲಿ ಬರೆದ.

"ನೆಟ್‌ವರ್ಕ್ ಸಮಸ್ಯೆ ಇರಬೇಕು ಸಾರ್," ಅಂದ.

ಹನ್ನೊಂದಕ್ಕೆ ಇಲಾಖೆಯ ಮೇಡಂ ಫೋನು ಮಾಡಿದರು. ಊರಿನ ಮೇಲ್ಭಾಗದ ನಲ್ಲಿಗಳಲ್ಲಿ ಗಾಳಿ ಬರುತ್ತಿದೆ, ಆಸ್ಪತ್ರೆಯ ಟ್ಯಾಂಕು ಅರ್ಧಕ್ಕಿಳಿದಿದೆ. ಫೋನಿಟ್ಟು ಯಜಮಾನರು ಬಾಗಿಲಿಗೆ ಬಂದು ಅಂಗಳದಲ್ಲಿ ತಂತಿ ಸುತ್ತುತ್ತಿದ್ದ ಅಣ್ಣನನ್ನು ಕರೆದರು. ಬೈದು ಕಳಿಸಿದ್ದರೆ ಎಷ್ಟೋ ವಾಸಿ. ಹೆಗಲ ಮೇಲೆ ಕೈ ಹಾಕಿದರು.

"ಇದೊಂದ್ಸಲ ಕಣೋ. ನಿಧಾನಕ್ಕೆ ಹತ್ತು. ದಾರಿ ಗೊತ್ತಿರೋನು ನೀನೊಬ್ಬನೇ."

"ಇನ್ನೊಬ್ಬರು ಜೊತೆಗೆ ಬಂದ್ರೆ, ಸಾರ್..."

"ಯಾರಿದ್ದಾರೆ ಹೇಳು? ಇಂಜಿನಿಯರ್ರು ಇಲ್ಲಿ ಬೇಕು. ಎಲ್ಲರನ್ನೂ ಗುಡ್ಡಕ್ಕೆ ಕಳಿಸಿ ನಾನು ಬೀಗ ಹಾಕ್ಲಾ?"

ಅಣ್ಣ ನನ್ನ ಮೇಜಿನ ಹತ್ತಿರ ಬಂದು ಟಾರ್ಚು, ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡ. ಬೂಟಿನ ದಾರವನ್ನು ಬಿಗಿಯಾಗಿ ಕಟ್ಟಿದ.

"ನೀನು ಹೇಳಿದ್ದೆ ಬಿಡು," ಅಂದ. ಅದು ಸಮಾಧಾನವೋ ಆಪಾದನೆಯೋ ತಿಳಿಯಲಿಲ್ಲ. ಹೇಳಿದ್ದೆ. ಮೆಲ್ಲಗೆ ಹೇಳಿದ್ದೆ.

ಅವನು ಮೇಲೆ ಮುಟ್ಟುವಷ್ಟರಲ್ಲಿ ಸಂಜೆ ಐದು ಗಂಟೆ. ನಾಲ್ಕು ಗಂಟೆಯ ದಾರಿಗೆ ಆರು ಗಂಟೆ ಹಿಡಿದಿತ್ತು. ಯಜಮಾನರು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟರು. ನಾವೆಲ್ಲ ಗಾಜಿನ ಕೋಣೆಯೊಳಗೆ ನಿಂತಿದ್ದೆವು.

"ಒತ್ತಿದೆ ಸಾರ್," ಅಣ್ಣನ ಧ್ವನಿ ಗಾಳಿಯಲ್ಲಿ ಮುರಿದು ಮುರಿದು ಬಂತು. "ವಾಲ್ವು ಮುಚ್ಚಿಕೊಳ್ತು. ಟ್ಯಾಂಕಲ್ಲಿ ಕೆಸರು ಕಾಣ್ತಿದೆ."

"ಒತ್ತೋ ಮುಂಚೆ ದೀಪ?" ಕೇಳಿದ ಬೃಹಸ್ಪತಿ.

"ಮಿಟುಕುತ್ತಿತ್ತು ಸಾರ್. ಚೆನ್ನಾಗಿ ಮಿಟುಕುತ್ತಿತ್ತು."

ಪ್ಯಾಕಿಂಗ್ ಅಕ್ಕ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದಳು. ಬೃಹಸ್ಪತಿಯ ಮುಖದಲ್ಲಿ ಮೊದಲ ಸಲ ಲೆಕ್ಕ ತಪ್ಪಿದ ಗೆರೆ ಕಂಡಿತು. ಎರಡು ಉಸಿರಿನಲ್ಲಿ ಅದನ್ನೂ ಒರೆಸಿಕೊಂಡ.

"ಸೆನ್ಸರ್ ಕಂಪನಿಯವರದ್ದೇ ತಪ್ಪು ಸಾರ್. ಉತ್ತರ ಪೂರ್ತಿ ಕೊಡಬೇಕು ಅವರು. ಇರಲಿ, ನಾನೇ ನಮ್ಮ ಕಡೆಯಿಂದ ಅನ್ನ ಹಾಕೋ ಜಾಗ ಬದಲಾಯಿಸ್ತೀನಿ. ನಾಲ್ಕು ದಿನ ಬೇಕು. ಪರೀಕ್ಷೆ ಬೇರೆ ಮಾಡ್ಬೇಕಲ್ಲ, ಮೂರು ದಿನ ಕಪಾಟಲ್ಲಿ..."

"ಏಳು ದಿನ," ಅಂದರು ಯಜಮಾನರು. ಗೋಡೆಯ ಮೇಲಿನ ಗುಡ್ಡದ ಫೋಟೋ ನೋಡಿದರು. ಕಿಟಕಿಯಾಚೆ ನಿಜವಾದ ಗುಡ್ಡದ ನೆತ್ತಿಗೆ ಮೋಡ ಕೂತಿತ್ತು. "ಈ ವಾರವೆಲ್ಲ ಗುಡುಗು ಅಂತೆ. ಮತ್ತೆ ನಿಂತ್ರೆ?"

ಯಜಮಾನರು ಫೋನಿನ ಮೇಲೆ ಬಾಗಿದರು. ಧ್ವನಿ ಸಕ್ಕರೆಯಾಯಿತು.

"ಕೇಳಿಸ್ತಿದೆಯೇನೋ? ವಾಲ್ವಿನ ಕೋಣೆ ಇದೆಯಲ್ಲ, ಅಲ್ಲೇ ಇರು. ಒಂದು ವಾರ. ಮೆಸೇಜ್ ಬರದಿದ್ರೆ ನಾವು ಫೋನ್ ಮಾಡ್ತೀವಿ, ನೀನು ಗುಂಡಿ ಒತ್ತು. ಅಷ್ಟೇ ಕೆಲಸ. ಆರಾಮ. ಊಟ ಕಳಿಸ್ತೀವಿ."

ಗಾಳಿಯ ಸದ್ದು. ಆಮೇಲೆ ಅಣ್ಣ ಕೇಳಿದ, "ಯಾರ ಕೈಲಿ ಸಾರ್?"

"ಆಂ?"

"ಊಟ. ಯಾರ ಕೈಲಿ ಕಳಿಸ್ತೀರಿ? ದಾರಿ ಗೊತ್ತಿರೋನು ನಾನೊಬ್ಬನೇ ಅಂದ್ರಲ್ಲ."

ಯಜಮಾನರು ಕೆಮ್ಮಿದರು. "ಏನಾದ್ರೂ ಮಾಡೋಣ. ಕಾಲು ಹೇಗಿದೆ?"

"ಬೂಟು ಬಿಚ್ಚೋಕೆ ಬರ್ತಿಲ್ಲ ಸಾರ್. ಊದಿಕೊಂಡು ಒಳಗೇ ಸಿಕ್ಕಿಕೊಂಡಿದೆ. ಒಳಗೆ ಏನೋ ಲಟ್ ಅಂತು ಬಂಡೆ ಹತ್ರ."

"ಬಿಸಿನೀರು ಇಟ್ಕೋ," ಅಂದರು ಯಜಮಾನರು. ಗುಡ್ಡದ ಮೇಲೆ, ಖಾಲಿ ಟ್ಯಾಂಕಿನ ಪಕ್ಕ, ಬಿಸಿನೀರು.

ಲೈನು ಕಡಿದುಹೋಯಿತು. ಬೃಹಸ್ಪತಿ ನಿಟ್ಟುಸಿರು ಬಿಟ್ಟು ಹೊಸ ಕುರ್ಚಿಯಲ್ಲಿ ಕೂತ. "ಒಂದು ಲೆಕ್ಕದಲ್ಲಿ ಒಳ್ಳೇದಾಯ್ತು ಸಾರ್. ಮನುಷ್ಯ ಅಲ್ಲೇ ಇದ್ರೆ ಯಾವ ವಾಚ್‌ಡಾಗೂ ಬೇಡ."

ಅವನು ಅದನ್ನು ತಮಾಷೆಗೆ ಹೇಳಲಿಲ್ಲ. ಅದೇ ನನ್ನನ್ನು ಮುಂದಕ್ಕೆ ತಳ್ಳಿದ್ದು. ಇಷ್ಟು ದಿನ ನಾನು ಹೆದರಿದ್ದು ಯಾರಿಗೆ ಎಂದು ನೋಡಿದೆ. ಮೂರು ದಿನ ಕಪಾಟಿನ ಮೇಲೆ ಮಿಟುಕಿದ್ದನ್ನು ಬದುಕು ಅಂದುಕೊಂಡವನಿಗೆ, ಅವನಿಗೆ ಕುರ್ಚಿ ಕೊಡಿಸಿದವರಿಗೆ. ಇವರ ಮುಂದೆ ಬಾಯಿ ಒಣಗಿಸಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವರ ಮೇಲಿನ ಅಸಹ್ಯಕ್ಕಿಂತ ಅದೇ ದೊಡ್ಡದಾಗಿತ್ತು.

"ಸಾರ್," ಅಂದೆ. "ಸೆನ್ಸರ್ ಕಂಪನಿಯ ತಪ್ಪಲ್ಲ. ಅನ್ನ ಹಾಕೋದು ಟೈಮರಲ್ಲಿರೋದು ತಪ್ಪು. ಮಿಂಚಿಗೆ ಮತ್ತೆ ನಿಲ್ಲುತ್ತೆ. ಅಣ್ಣನ ಕಾಲು ಮತ್ತೆ ಮುರಿದಿದೆ. ಅವನು ಅಲ್ಲಿ ಒಂದು ವಾರ ಇರೋಕಾಗಲ್ಲ. ಇಳಿಯೋಕೂ ಆಗಲ್ಲ. ಅವನನ್ನ ಕೆಳಗೆ ಹೊತ್ಕೊಂಡು ಬರೋಕೆ ನಾಲ್ಕು ಜನನ್ನ ಕಳಿಸಿ. ದಾರಿ ನನಗೂ ಅಣ್ಣ ಹೇಳಿದ್ದಾನೆ, ನಾನೂ ಹೋಗ್ತೀನಿ."

ಯಜಮಾನರು ಗಡಿಯಾರ ನೋಡಿದರು, ಆಮೇಲೆ ಬೃಹಸ್ಪತಿಯನ್ನು ನೋಡಿದರು. ಬೃಹಸ್ಪತಿ ತೆರೆಯ ಕಡೆ ತಿರುಗಿ ಏನೋ ಒತ್ತಲು ಶುರುಮಾಡಿದ. ಮೇಡಂ ಅವರ ಫೋನು ಮತ್ತೆ ಬಂತು, ಯಜಮಾನರು ಅದನ್ನು ಎತ್ತಿಕೊಂಡು, "ಎಲ್ಲ ಸರಿಹೋಯ್ತು ಮೇಡಂ, ನಮ್ಮ ಮನುಷ್ಯ ಅಲ್ಲೇ ಇದ್ದಾನೆ, ಇನ್ನು ತೊಂದರೆಯಿಲ್ಲ," ಎನ್ನುತ್ತಾ ನನಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಹೋದರು. ಪ್ಯಾಕಿಂಗ್ ಅಕ್ಕ ನನ್ನ ತೋಳು ಹಿಡಿದಳು. ನಾನು ಬಿಡಿಸಿಕೊಂಡೆ.

ಅವರು ಮಾತು ಮುಗಿಸುವವರೆಗೆ ನಿಂತಿದ್ದು, ಫೋನು ಕೆಳಗಿಟ್ಟ ಮೇಲೆ ಇನ್ನೊಮ್ಮೆ ಹೇಳಿದೆ.

"ಅಣ್ಣನ್ನ ಕೆಳಗೆ ತರೋಕೆ ನಾಲ್ಕು ಜನನ್ನ ಕಳಿಸಿ ಸಾರ್."